ಪಟ್ಟಿಯ ಮೇಲಿನ ಪತ್ರ

ಸಕಲೇಶಪುರದ ಕಡೆಯಿಂದ ಘಟ್ಟವನ್ನಿಳಿದು ಬಂದ ರೈಲು ನಮ್ಮ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ನಿಂತಾಗ ಅದರಿಂದ ಇಳಿಯುವವರಲ್ಲಿ ಬಹುಮಂದಿ ಕುಕ್ಕೆಯ ಯಾತ್ರಿಕರು. ಉಳಿದವರಲ್ಲಿ ಕೆಲವರು ಅಡಕೆ ತೋಟಗಳ ಕೆಲಸಕ್ಕೆಂದು ದೂರದ ರಾಜ್ಯಗಳಿಂದ ಬಂದ ತರುಣರು. ಇಂಥವರಲ್ಲೊಬ್ಬನು ಅನಾರೋಗ್ಯಕ್ಕೋ ಅವಘಡಕ್ಕೋ ಸಿಕ್ಕಿದನೆಂದರೆ ಅವನನ್ನು ಕಡಬಕ್ಕೋ ಪುತ್ತೂರಿಗೋ ಸುಳ್ಯಕ್ಕೋ ಕರೆದೊಯ್ಯಬೇಕು. ಕರೆದೊಯ್ಯುವವರಿಗೆ ಅವನ ಪೂರ್ಣ ನಾಮಧೇಯವೂ ತಿಳಿದಿರುವುದಿಲ್ಲ. ಈ ಮೂರು ತಾಲೂಕುಗಳ ಪರಿಧಿಯೊಳಗಿನ 60 ಹಾಸಿಗೆಗಳ ಒಂದು ಆಸ್ಪತ್ರೆಯು ಕೆಲವು ವರ್ಷಗಳ ಹಿಂದೆ ತನ್ನ ನೋಂದಣಿ, ಬಿಲ್ಲು, ಔಷಧ ದಾಸ್ತಾನು, ಪ್ರಯೋಗಾಲಯ, ಖರೀದಿ, ಸಂಬಳ, ಲೆಕ್ಕಪತ್ರ ಇವೆಲ್ಲವನ್ನೂ ಒಂದೇ ಸೂತ್ರದಲ್ಲಿ ಪೋಣಿಸುವ ಇ.ಆರ್.ಪಿ. ತಂತ್ರಾಂಶವನ್ನು ಕೊಳ್ಳಲು ನಿಶ್ಚಯಿಸಿದಾಗ, ಲೆಕ್ಕಪತ್ರ ಬಲ್ಲವನೆಂಬ ಕಾರಣಕ್ಕೆ ನನ್ನನ್ನೂ ಆ ಸಮಿತಿಗೆ ಸೇರಿಸಿಕೊಂಡರು. ಆಗ ನಾವು ಮಾಡಿದ ತಪ್ಪೂ ಅನಂತರ ಅದನ್ನು ತಿದ್ದಿಕೊಂಡ ಬಗೆಯೂ ಈ ಲೇಖನಕ್ಕೆ ಪ್ರೇರಣೆ.

ನಾವು ಐದು ಕಂಪೆನಿಗಳಿಗೆ ಎರಡು ಕಾಗದಗಳನ್ನು ಕಳುಹಿಸಿದೆವು. ಒಂದು, ನಮಗೆ ಬೇಕಾದುದರ ಪಟ್ಟಿ. ಎಕ್ಸೆಲ್ ಹಾಳೆಯಲ್ಲಿ 412 ಸಾಲುಗಳು, ಪ್ರತಿ ಸಾಲಿನ ಮುಂದೆ ‘ಇದೆ’, ‘ಇಲ್ಲ’ ಎಂದು ಬರೆಯುವುದಕ್ಕೊಂದು ಮನೆ. ಇನ್ನೊಂದು, ಅದರ ಮೇಲಿನ ಕವರಿಂಗ್ ಲೆಟರ್, ಎಂದರೆ ಮುಖಪತ್ರ. ಅದರಲ್ಲಿ ಹನ್ನೊಂದು ಸಾಲುಗಳಿದ್ದುವು. ‘ನಮ್ಮ ಆಸ್ಪತ್ರೆಗೆ ಸೂಕ್ತವಾದ ತಂತ್ರಾಂಶಕ್ಕಾಗಿ ಲಗತ್ತಿಸಿದ ಪಟ್ಟಿಯಂತೆ ತಮ್ಮ ಕನಿಷ್ಠ ದರವನ್ನು ಹದಿನೈದು ದಿನಗಳೊಳಗೆ ಕಳುಹಿಸತಕ್ಕದ್ದು’ ಎಂಬುದೇ ಅದರ ಸಾರ. ಪಟ್ಟಿಗಾಗಿ ಮೂರು ತಿಂಗಳು ದುಡಿದಿದ್ದ ನಾವು ಪತ್ರಕ್ಕಾಗಿ ಅರ್ಧ ಗಂಟೆಯನ್ನೂ ವ್ಯಯಿಸಿರಲಿಲ್ಲ. ಉತ್ತರಗಳು ಬಂದಾಗ ಐದು ಕಂಪೆನಿಗಳೂ 400ಕ್ಕೂ ಹೆಚ್ಚು ಸಾಲುಗಳ ಮುಂದೆ ‘ಇದೆ’ ಎಂದು ಬರೆದಿದ್ದುವು. ಒಂದು ಕಂಪೆನಿಯಂತೂ 412ರ ಮುಂದೆಯೂ ಬರೆದಿತ್ತು. ಐವರೂ ಒಂದೇ ಉತ್ತರವನ್ನು ಕೊಟ್ಟ ಮೇಲೆ ಅವರನ್ನು ಬೇರ್ಪಡಿಸಲು ಉಳಿದದ್ದು ದರವೊಂದೇ. ಆ ದರವು ಕೂಡ, ಮುಂದೆ ತೋರಿಸುವಂತೆ, ನಿಜವಾದ ದರವಾಗಿರಲಿಲ್ಲ.

ಆ ಕಂಪೆನಿಗಳು ಸುಳ್ಳು ಹೇಳಿದುವೆಂದು ನಾನು ತಿಳಿಯುವುದಿಲ್ಲ. ‘ಔಷಧಗಳ ಬ್ಯಾಚ್ ಮತ್ತು ಅವಧಿಯ ನಿರ್ವಹಣೆ ಇದೆಯೆ?’ ಎಂದು ಕೇಳಿದರೆ, ಬ್ಯಾಚ್ ಸಂಖ್ಯೆಯನ್ನು ಬರೆದಿಡಲು ಒಂದು ಮನೆಯಿರುವ ತಂತ್ರಾಂಶದವನೂ ‘ಇದೆ’ ಎನ್ನಬಹುದು. ಅವಧಿ ತೀರಲಿರುವ ಬ್ಯಾಚನ್ನೇ ಮೊದಲು ಎತ್ತಿಕೊಟ್ಟು, ಅದು ಯಾವ ರೋಗಿಗೆ ಯಾವ ಗಳಿಗೆಯಲ್ಲಿ ಹೋಯಿತೆಂಬುದನ್ನು ಹತ್ತು ವರ್ಷಗಳ ಮೇಲೂ ಹೇಳಬಲ್ಲ ತಂತ್ರಾಂಶದವನೂ ‘ಇದೆ’ ಎನ್ನಬಹುದು. ಪಟ್ಟಿಯು ವಸ್ತುವನ್ನು ಹೆಸರಿಸಬಲ್ಲುದು; ಆ ವಸ್ತು ಯಾರ ಕೈಯಲ್ಲಿ, ಎಂಥ ಹೊತ್ತಿನಲ್ಲಿ, ಯಾವ ಅಡಚಣೆಯ ನಡುವೆ ಉಪಯೋಗಕ್ಕೆ ಬರಬೇಕೆಂಬುದನ್ನು ಹೇಳಲಾರದು. ಅದನ್ನು ಹೇಳಬೇಕಾದುದು ಮುಖಪತ್ರವೇ. ಪಟ್ಟಿಯು ಪದಗಳ ಕೋಶವಾದರೆ ಮುಖಪತ್ರವು ಆ ಪದಗಳ ಅರ್ಥವನ್ನು ನಿಶ್ಚಯಿಸುವ ವಾಕ್ಯವೆಂಬುದು ನನ್ನ ಪ್ರತಿಪಾದನೆ. ಅದನ್ನು ಒಂದು ರಾತ್ರಿಯ ನಿದರ್ಶನದಿಂದ ವಿವರಿಸುತ್ತೇನೆ.

ಜುಲೈ ತಿಂಗಳು, ರಾತ್ರಿ 9.40. ಧೋ ಎಂದು ಮಳೆ. ತೋಟದ ಶೆಡ್ಡಿನ ಬಳಿ ಕೊಳಕುಮಂಡಲ ಕಚ್ಚಿದ ತರುಣನೊಬ್ಬನನ್ನು ಜೀಪಿನಲ್ಲಿ ತರುತ್ತಾರೆ. ಜತೆಗಾರರು ಅವನನ್ನು ‘ರಾಜು’ ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಅವರಿಗೆ ಗೊತ್ತಿಲ್ಲ. ಕರೆಂಟು ಹೋಗಿದೆ, ಜನರೇಟರು ನಡೆಯುತ್ತಿದೆ, ಇಂಟರ್ನೆಟ್ ಸಂಜೆಯಿಂದಲೇ ಇಲ್ಲ. ವೈದ್ಯರು ಸುಮಾರು ಎರಡು ಮಿಲಿಲೀಟರ್ ರಕ್ತವನ್ನು ಶುಭ್ರವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಡುತ್ತಾರೆ. ಆಮೇಲೆ ವಾಲಿಸಿ ನೋಡಿದರೆ ರಕ್ತ ಹೆಪ್ಪುಗಟ್ಟಿಲ್ಲ. ಕೂಡಲೇ ಪ್ರತಿವಿಷದ 10 ವಯಲ್‌ಗಳನ್ನು ಡ್ರಿಪ್ಪಿನಲ್ಲಿ ಆರಂಭಿಸುತ್ತಾರೆ. ಆ ಹತ್ತೂ ಬಂದುದು ಫಾರ್ಮಸಿಯಿಂದಲ್ಲ, ತುರ್ತು ವಿಭಾಗದ ಫ್ರಿಜ್ಜಿನಿಂದ. ಅವುಗಳಲ್ಲಿ ಆರು ಮುಂದಿನ ತಿಂಗಳು ಅವಧಿ ಮುಗಿಯುವ ಬ್ಯಾಚಿನವು, ನಾಲ್ಕು ಬೇರೊಂದು ಬ್ಯಾಚಿನವು. ಆರು ಗಂಟೆಗಳ ತರುವಾಯ ಪುನಃ ಆ ಪರೀಕ್ಷೆಯನ್ನು ಮಾಡಬೇಕು. ಆಗಲೂ ಹೆಪ್ಪುಗಟ್ಟದಿದ್ದರೆ ಎರಡನೆಯ ಸುತ್ತು. ಆದಕಾರಣ ಇನ್ನೂ 10 ವಯಲ್‌ಗಳನ್ನು ಫಾರ್ಮಸಿಯಿಂದ ವಾರ್ಡಿಗೆ ತರಿಸಿ ಇಡುತ್ತಾರೆ. ನಸುಕಿಗೆ ಪರೀಕ್ಷಿಸಿದಾಗ ರಕ್ತ ಹೆಪ್ಪುಗಟ್ಟಿರುತ್ತದೆ. ಆ ಹತ್ತೂ ಮರಳಿ ಫಾರ್ಮಸಿಗೆ ಹೋಗಬೇಕು. ಬೆಳಗ್ಗೆ ಕಂಟ್ರಾಕ್ಟರು ಆಧಾರ್ ಕಾರ್ಡನ್ನೂ ಆಯುಷ್ಮಾನ್ ಕಾರ್ಡನ್ನೂ ತರುತ್ತಾನೆ. ತರುಣನ ಹೆಸರು ರಾಜು ಅಲ್ಲ. ಎರಡು ತಿಂಗಳ ಹಿಂದೆ ಜ್ವರಕ್ಕೆಂದು ಬಂದಾಗ ನಿಜನಾಮದಲ್ಲಿ ಅವನಿಗೊಂದು ನಂಬರು ಆಗಲೇ ಸಿಕ್ಕಿದೆ. ರಾತ್ರಿ ಜತೆಗಾರರು ಕೂಡಿಸಿ ಕಟ್ಟಿದ 2,000 ರೂಪಾಯಿಗಳ ಮುಂಗಡವೂ ಇದೆ. ಯೋಜನೆಯಡಿ ಅನುಮತಿ ಬಂದರೆ ಅದನ್ನು ಹಿಂದಿರುಗಿಸಬೇಕು.

ಈ ಒಂದು ರಾತ್ರಿ ನಮ್ಮ ಪಟ್ಟಿಯ ಕನಿಷ್ಠ ಮೂವತ್ತು ಸಾಲುಗಳನ್ನು ಹಾದುಹೋಗುತ್ತದೆ. ಹೆಸರಿಲ್ಲದ ರೋಗಿಗೆ ತಾತ್ಕಾಲಿಕ ಸಂಖ್ಯೆ ದೊರೆಯುವುದೆ? ಬೆಳಗ್ಗೆ ಆ ಸಂಖ್ಯೆಯನ್ನು ಹಳೆಯ ಸಂಖ್ಯೆಯೊಡನೆ ಕೂಡಿಸಿದಾಗ ರಾತ್ರಿಯ ಪರೀಕ್ಷೆಯೂ ಔಷಧವೂ ಹಳೆಯ ಜ್ವರದ ಚೀಟಿಯೂ ಒಂದೇ ಕಡೆ ಕಾಣುವುವೆ, ಅಥವಾ ಒಂದು ಅಳಿಸಿಹೋಗುವುದೆ? ಬಿಲ್ಲಾಗದೆ ಔಷಧವನ್ನು ಹೊರಕ್ಕೆ ಕೊಡಲೊಪ್ಪದ ತಂತ್ರಾಂಶವಾದರೆ ದಾದಿಯು ಔಷಧವನ್ನು ಕೊಟ್ಟೇ ಕೊಡುತ್ತಾಳೆ. ದಾಖಲೆಯನ್ನು ಮರುದಿನ ಯಾರೋ ಊಹೆಯಿಂದ ತುಂಬುತ್ತಾರೆ. ಆಗ ಹತ್ತೂ ವಯಲ್‌ಗಳು ಒಂದೇ ಬ್ಯಾಚಿನಲ್ಲಿ ಖರ್ಚಾದಂತೆ ಬರೆಯಲ್ಪಟ್ಟು, ಫ್ರಿಜ್ಜಿನಲ್ಲಿ ಇರುವುದು ಒಂದು, ಪುಸ್ತಕದಲ್ಲಿ ಇರುವುದು ಇನ್ನೊಂದು ಆಗುತ್ತದೆ. ಮರಳಿ ಬಂದ ಹತ್ತು ವಯಲ್‌ಗಳನ್ನು ತಂತ್ರಾಂಶವು ಕೇವಲ ‘ಬಿಲ್ ರದ್ದು’ ಎಂದು ಗ್ರಹಿಸಿ ಕಣ್ಣುಮುಚ್ಚಿ ದಾಸ್ತಾನಿಗೆ ಸೇರಿಸಿದರೆ ಅದು ಲೆಕ್ಕದ ದೃಷ್ಟಿಯಿಂದ ಸರಿ, ಔಷಧಶಾಸ್ತ್ರದ ದೃಷ್ಟಿಯಿಂದ ಅಪಾಯ. ಏಕೆಂದರೆ ದ್ರವರೂಪದ ಪ್ರತಿವಿಷವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಇಡತಕ್ಕದ್ದು, ಆರು ಗಂಟೆಗಳ ಕಾಲ ಅದು ವಾರ್ಡಿನ ಮೇಜಿನ ಮೇಲಿತ್ತೋ ಫ್ರಿಜ್ಜಿನಲ್ಲಿತ್ತೋ ಎಂಬ ಪ್ರಶ್ನೆಯನ್ನು ಮರಳಿಸುವ ಘಟ್ಟದಲ್ಲಿಯೇ ಯಾರಾದರೂ ಕೇಳಲೇಬೇಕು.

ಪಟ್ಟಿಯಲ್ಲಿ ಇವೆಲ್ಲ ಬಿಡಿಬಿಡಿಯಾಗಿ ಇದ್ದುವು. ಬಿಡಿಬಿಡಿಯಾಗಿ ಎಲ್ಲಕ್ಕೂ ‘ಇದೆ’ ಎಂಬ ಉತ್ತರ ಬಂದಿತ್ತು. ಎರಡನೆಯ ಬಾರಿ ನಾವು ಪತ್ರವನ್ನು ಬರೆದಾಗ ಈ ರಾತ್ರಿಯನ್ನು ಗಂಟೆಗಂಟೆಗೆ ಹಾಗೆಯೇ ಬರೆದು, ‘ಡೆಮೊ ದಿನ ತಮ್ಮ ಮಾದರಿ ರೋಗಿಯನ್ನಲ್ಲ, ಈ ತರುಣನನ್ನೇ ನಮಗೆ ತೋರಿಸತಕ್ಕದ್ದು, ನಡುವೆ ನಾವು ನೆಟ್‌ವರ್ಕ್ ಕೇಬಲನ್ನು ಕಿತ್ತು ಇಪ್ಪತ್ತು ನಿಮಿಷಗಳ ಅನಂತರ ಜೋಡಿಸುತ್ತೇವೆ’ ಎಂದು ಸೇರಿಸಿದೆವು. ಉತ್ತರವನ್ನು ಅಳೆಯುವ ಕೋಲು ಯಾವುದೆಂಬುದೂ ಆಗ ತಾನಾಗಿ ಸ್ಪಷ್ಟವಾಯಿತು. ಕೊನೆಯಲ್ಲಿ ಪ್ರತಿವಿಷದ ದಾಸ್ತಾನು ವಹಿಯನ್ನು ತೆರೆಯಿಸಿ ನೋಡುವುದು: ಔಷಧ ಬಳಕೆಯಾದ ವೇಳೆ ರಾತ್ರಿ 10 ಗಂಟೆಯ ಸುಮಾರು ಎಂದೂ ದಾಖಲಾದ ವೇಳೆ ಬೆಳಗಿನದೆಂದೂ ಎರಡನ್ನೂ ತೋರಿಸಿದರೆ ಆ ತಂತ್ರಾಂಶವು ಆಸ್ಪತ್ರೆಯನ್ನು ಬಲ್ಲುದು, ಬೆಳಗಿನ ವೇಳೆಯೊಂದನ್ನೇ ತೋರಿಸಿದರೆ ಅದು ಅಂಗಡಿಯನ್ನು ಬಲ್ಲುದು. ಐದರಲ್ಲಿ ಎರಡು ಕಂಪೆನಿಗಳು ಈ ಪತ್ರವನ್ನು ಓದಿ ತಾವಾಗಿ ಹಿಂದೆ ಸರಿದುವು. ಅವರ ಪ್ರಾಮಾಣಿಕತೆಗೆ ನಾನು ಋಣಿ. ಮೊದಲ ಪತ್ರವು ಅವರಿಗೆ ಪ್ರಾಮಾಣಿಕರಾಗುವ ಅವಕಾಶವನ್ನೇ ಕೊಟ್ಟಿರಲಿಲ್ಲ.

ಉತ್ತರಿಸುವ ಕ್ರಮವನ್ನೂ ಮುಖಪತ್ರವೇ ವಿಧಿಸಬೇಕು. ‘ಇದೆ’, ‘ಇಲ್ಲ’ ಎಂಬ ಎರಡೇ ಮನೆಗಳ ಬದಲು ನಾಲ್ಕನ್ನು ಇಟ್ಟೆವು: ಇಂದು ಬೇರೊಂದು ಆಸ್ಪತ್ರೆಯಲ್ಲಿ ನಡೆಯುತ್ತಿರುವ ಆವೃತ್ತಿಯಲ್ಲಿಯೇ ಇದೆ; ಕೋಡ್ ಮುಟ್ಟದೆ, ಸೆಟ್ಟಿಂಗ್‌ನಲ್ಲಿ ಹೊಂದಿಸಿಕೊಳ್ಳಬಹುದು; ಹೊಸದಾಗಿ ಬರೆಯಬೇಕು, ಅದಕ್ಕೆ ಇಷ್ಟು ದಿನ, ಇಷ್ಟು ಹಣ; ಸಾಧ್ಯವಿಲ್ಲ. ಈ ಉತ್ತರಗಳು ಒಪ್ಪಂದದ ಅಂಗವಾಗುತ್ತವೆಂಬ ಒಂದು ವಾಕ್ಯವನ್ನೂ ಸೇರಿಸಿದಾಗ, 412 ‘ಇದೆ’ಗಳನ್ನು ಬರೆದಿದ್ದ ಕಂಪೆನಿಯ ಉತ್ತರದಲ್ಲಿ ಎಪ್ಪತ್ತಕ್ಕೂ ಹೆಚ್ಚು ಸಾಲುಗಳು ಮೂರನೆಯ ಮನೆಗೆ ಸರಿದುವು. ಇಲ್ಲಿ ನಮ್ಮ ಕಡೆಯಿಂದಲೂ ಒಂದು ನ್ಯಾಯ ಸಲ್ಲಬೇಕಾಗಿತ್ತು. ಆರೋಗ್ಯಮಿತ್ರರು ಬಳಸುವ ಸರ್ಕಾರಿ ಪೋರ್ಟಲ್‌ನೊಡನೆ ನೇರ ಜೋಡಣೆ ಬೇಕೆಂದು ನಮ್ಮ ಪಟ್ಟಿಯಲ್ಲಿ ಒಂದು ಸಾಲಿತ್ತು. ಆ ಬಾಗಿಲನ್ನು ತೆರೆಯುವ ಅಧಿಕಾರ ಕಂಪೆನಿಯ ಕೈಯಲ್ಲಿಲ್ಲ. ತನ್ನ ವಶದಲ್ಲಿಲ್ಲದುದನ್ನು ಮಾರಾಟಗಾರನಿಂದ ಕೇಳುವುದೆಂದರೆ ಅವನನ್ನು ಅಸತ್ಯಕ್ಕೆ ಆಹ್ವಾನಿಸಿದಂತೆ. ಆ ಸಾಲನ್ನು ನಾವು ತೆಗೆದು, ‘ಪೋರ್ಟಲ್‌ಗೆ ಏರಿಸಬೇಕಾದ ಡಿಸ್ಚಾರ್ಜ್ ಸಾರಾಂಶ, ಪರೀಕ್ಷಾ ವರದಿ, ಬಿಲ್ಲು ಇವು ಒಂದೇ ಕಡೆ ಪಿ.ಡಿ.ಎಫ್. ರೂಪದಲ್ಲಿ ಸಿದ್ಧವಾಗಿ ದೊರೆಯಬೇಕು’ ಎಂದು ಬರೆದೆವು. ಅದು ಸಾಧ್ಯವಾದುದು, ಪರೀಕ್ಷಿಸಲು ಬರುವುದು.

ಇನ್ನು ದರದ ವಿಷಯ. ‘ಕನಿಷ್ಠ ದರ’ ಎಂದಷ್ಟೇ ಕೇಳಿದ ಪತ್ರಕ್ಕೆ ಬರುವ ದರವು ಬಾಗಿಲಿನ ದರ, ಮನೆಯೊಳಗಿನದು ಬೇರೆ. ಉದಾಹರಣೆಗಾಗಿ ಒಂದು ಲೆಕ್ಕವನ್ನು ಹಾಕೋಣ. ಒಬ್ಬನ ದರ 12 ಲಕ್ಷ, ಇನ್ನೊಬ್ಬನದು 17 ಲಕ್ಷ. ಮೊದಲನೆಯವನು ಪ್ರಯೋಗಾಲಯದ ಆರು ಯಂತ್ರಗಳನ್ನು ಜೋಡಿಸಲು ಯಂತ್ರವೊಂದಕ್ಕೆ 75,000ದಂತೆ ನಾಲ್ಕೂವರೆ ಲಕ್ಷವನ್ನೂ ಹಳೆಯ ದತ್ತಾಂಶವನ್ನು ವರ್ಗಾಯಿಸಲು 2 ಲಕ್ಷವನ್ನೂ ಬೇರೆಯಾಗಿ ಕೇಳುತ್ತಾನೆ. ಮೊದಲ ವರ್ಷ ಕಳೆದ ಮೇಲೆ ವಾರ್ಷಿಕ ನಿರ್ವಹಣೆಗೆ ಮೂಲ ದರದ ಶೇಕಡಾ 20ರಂತೆ ನಾಲ್ಕು ವರ್ಷಗಳಿಗೆ 9.6 ಲಕ್ಷ. ಐದು ವರ್ಷಗಳ ಮೊತ್ತ 28.1 ಲಕ್ಷ. ಎರಡನೆಯವನ 17 ಲಕ್ಷದಲ್ಲಿ ಜೋಡಣೆಯೂ ವರ್ಗಾವಣೆಯೂ ಸೇರಿವೆ. ನಿರ್ವಹಣೆ ಶೇಕಡಾ 15ರಂತೆ 10.2 ಲಕ್ಷ; ಮೊತ್ತ 27.2 ಲಕ್ಷ. ಅಗ್ಗವೆನಿಸಿದುದೇ ದುಬಾರಿಯಾಯಿತು. ಇದರ ಮೇಲೆ ಶೇಕಡಾ 18 ಜಿ.ಎಸ್.ಟಿ. ಇದೆ. ವ್ಯಾಪಾರಿಯಾದವನು ತಾನು ಕೊಟ್ಟ ಆ ತೆರಿಗೆಯನ್ನು ತಾನು ಸಂಗ್ರಹಿಸಿದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತಾನೆ. ಆಸ್ಪತ್ರೆಯ ಚಿಕಿತ್ಸೆಯಾದರೋ ತೆರಿಗೆಯಿಂದ ವಿನಾಯಿತಿ ಪಡೆದ ಸೇವೆ, ಆದುದರಿಂದ ವಜಾ ಮಾಡಿಕೊಳ್ಳುವ ಮಾರ್ಗ ಅದಕ್ಕೆ ಬಹುಮಟ್ಟಿಗೆ ಮುಚ್ಚಿದೆ. 27.2 ಲಕ್ಷವು ನಮಗೆ ನಿಜವಾಗಿ ಸುಮಾರು 32 ಲಕ್ಷ. ಆದಕಾರಣ ‘ತೆರಿಗೆಯೂ ಸೇರಿ ಐದು ವರ್ಷಗಳ ಒಟ್ಟು ವೆಚ್ಚವನ್ನು ಈ ಕೋಷ್ಟಕದಲ್ಲಿಯೇ ತುಂಬಿರಿ’ ಎಂದು ಮುಖಪತ್ರ ಹೇಳದಿದ್ದರೆ, ಐದು ಕೊಟೇಶನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಸೇರನ್ನು ಮೊಳದೊಡನೆ ಹೋಲಿಸಿದಂತೆ.

ಕಾಲನಿರ್ದೇಶನವೂ ಸ್ಥಳಜ್ಞಾನದ ವಿಷಯ. ಎಲ್ಲಿಯದೋ ನಗರದ ಕಂಪೆನಿಗೆ ಜೂನ್ ಒಂದು ತಿಂಗಳು ಮಾತ್ರ. ನಮಗೆ ಅದು ಅಡಕೆಗೆ ಔಷಧ ಸಿಂಪಡಿಸಲು ಮರವೇರಿದವರು ಜಾರಿ ಬೀಳುವ ಕಾಲ, ಡೆಂಗಿಯೂ ಇಲಿಜ್ವರವೂ ವಾರ್ಡುಗಳನ್ನು ತುಂಬುವ ಕಾಲ, ವಿದ್ಯುತ್ತೂ ಸಂಪರ್ಕವೂ ಮಳೆಯ ಮರ್ಜಿಯಲ್ಲಿರುವ ಕಾಲ. ಹೊಸ ತಂತ್ರಾಂಶಕ್ಕೆ ದಾಟುವ ದಿನವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡಲಾಗದೆಂದು ಪತ್ರದಲ್ಲಿ ಮೊದಲೇ ಬರೆದರೆ, ಕಂಪೆನಿಯು ತನ್ನ ತರಬೇತುದಾರರನ್ನು ಯಾವಾಗ ಕಳುಹಿಸಬೇಕು, ಸರ್ವರು ಆಸ್ಪತ್ರೆಯೊಳಗೇ ಇರಬೇಕೋ ದೂರದಲ್ಲಿದ್ದರೆ ಸಾಕೋ ಎಂಬುದನ್ನೆಲ್ಲ ಅರಿತು ದರವನ್ನು ಹೇಳುತ್ತದೆ. ಬರೆಯದಿದ್ದರೆ ಒಪ್ಪಂದವಾದ ಮೇಲೆ ಅದೇ ಜಗಳದ ಮೂಲವಾಗುತ್ತದೆ.

ಇದಕ್ಕೆ ಎರಡು ಆಕ್ಷೇಪಣೆಗಳನ್ನು ನಾನು ಕೇಳಿದ್ದೇನೆ. ನಮ್ಮ ದೌರ್ಬಲ್ಯಗಳನ್ನೆಲ್ಲ ಮೊದಲೇ ಬಿಚ್ಚಿಟ್ಟರೆ ಕಂಪೆನಿಯು ದರವನ್ನು ಏರಿಸದೆ ಬಿಡುವುದೆ ಎಂಬುದು ಒಂದು. ಏರಿಸಬಹುದು, ಆದರೆ ಆ ಹೆಚ್ಚಳ ಸಹಿ ಹಾಕುವ ಮುನ್ನ, ಐವರ ಸ್ಪರ್ಧೆಯ ನಡುವೆ ಪ್ರಕಟವಾಗುತ್ತದೆ. ಮುಚ್ಚಿಟ್ಟರೆ ಅದೇ ಹೆಚ್ಚಳ ಸಹಿಯಾದ ಮೇಲೆ, ಸ್ಪರ್ಧಿಗಳಾರೂ ಉಳಿಯದ ಹೊತ್ತಿನಲ್ಲಿ ಬರುತ್ತದೆ. 60 ಹಾಸಿಗೆಗಳ ಆಸ್ಪತ್ರೆಯ ಉದ್ದನೆಯ ಪತ್ರವನ್ನು ದೊಡ್ಡ ಕಂಪೆನಿಗಳು ಓದುವುದಿಲ್ಲವೆಂಬುದು ಇನ್ನೊಂದು. ಇದರಲ್ಲಿ ಸತ್ಯಾಂಶವಿದೆ, ಆದುದರಿಂದಲೇ ಪತ್ರವು ನಾಲ್ಕು ಪುಟಗಳನ್ನು ಮೀರಕೂಡದು, ಪಟ್ಟಿಯ 412 ಸಾಲುಗಳು ಕುಗ್ಗಬೇಕು. ನಮ್ಮದು ಕೊನೆಗೆ 160ಕ್ಕೆ ಇಳಿಯಿತು. ಓದದ ಕಂಪೆನಿ ಯಾವುದೆಂದು ಮೊದಲೇ ತಿಳಿಯುವುದೂ ಲಾಭವೇ.

ದೊಡ್ಡವರಾದರೆ ಈ ಎಚ್ಚರ ಬೇಕಿಲ್ಲವೆಂದು ತಿಳಿಯಬಾರದು. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯು 2002ರಲ್ಲಿ ಆಸ್ಪತ್ರೆಗಳನ್ನೆಲ್ಲ ಗಣಕೀಕರಿಸುವ ಮಹಾಯೋಜನೆಯನ್ನು ಕೈಗೊಂಡು, ಬಹುಕೋಟಿ ಪೌಂಡುಗಳ ಒಪ್ಪಂದಗಳನ್ನು ಶೀಘ್ರಗತಿಯಲ್ಲಿ ಮಾಡಿಕೊಂಡಿತು. ಆದರೆ ಅದನ್ನು ದಿನವೂ ಉಪಯೋಗಿಸಬೇಕಾದ ವೈದ್ಯರನ್ನೂ ಆಸ್ಪತ್ರೆಗಳನ್ನೂ ಸಾಕಷ್ಟು ವಿಚಾರಿಸಲಿಲ್ಲವೆಂಬ ಟೀಕೆಗೆ ಗುರಿಯಾಗಿ, 2011ರಲ್ಲಿ ಆ ಯೋಜನೆಯನ್ನು ವಿಸರ್ಜಿಸುವುದಾಗಿ ಸರ್ಕಾರವೇ ಪ್ರಕಟಿಸಬೇಕಾಯಿತು. ಅಲ್ಲಿ ಕೊರತೆಯಿದ್ದುದು ಹಣದ್ದಲ್ಲ; ವಾರ್ಡಿನ ರಾತ್ರಿ ಹೇಗಿರುತ್ತದೆಂಬುದನ್ನು ಕೊಳ್ಳುವವನು ಮಾರುವವನಿಗೆ ಸಕಾಲದಲ್ಲಿ ಹೇಳದಿದ್ದುದು.

ಮುಖಪತ್ರವು ಕೇಳುವ ಪತ್ರ ಮಾತ್ರವಲ್ಲ, ವಚನ ಕೊಡುವ ಪತ್ರವೂ ಹೌದು. ನಮ್ಮ ಔಷಧಗಳ ಪಟ್ಟಿಯಲ್ಲಿ ಒಂದೇ ಪ್ಯಾರಸಿಟಮಾಲ್ ಮಾತ್ರೆ ನಾಲ್ಕು ಕಾಗುಣಿತಗಳಲ್ಲಿ ನಾಲ್ಕು ವಸ್ತುಗಳಾಗಿ ಕುಳಿತಿತ್ತು. ರೋಗಿಗಳ ನಡುವೆ ಒಬ್ಬಳೇ ಕುಸುಮಾವತಿ ಮೂರು ನಂಬರುಗಳಲ್ಲಿ ಮೂವರಾಗಿದ್ದಳು. ಇದನ್ನು ಶುದ್ಧಗೊಳಿಸುವ ಕೆಲಸ ಯಾರದು, ಯಾವ ದಿನಾಂಕದೊಳಗೆ ಎಂಬುದನ್ನು ಬರೆದುಕೊಡದೆ ಕಂಪೆನಿಯನ್ನು ದತ್ತಾಂಶ ವರ್ಗಾವಣೆಗೆ ಹೊಣೆ ಮಾಡುವುದು ನ್ಯಾಯವಲ್ಲ. ಹಾಗೆಯೇ ಅಗಲುವ ದಿನದ ಮಾತನ್ನೂ ಕೂಡುವ ದಿನವೇ ಆಡಬೇಕು. ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಕಾದಿಡತಕ್ಕದ್ದೆಂದೂ ರೋಗಿಯು ಕೇಳಿದರೆ 72 ಗಂಟೆಗಳೊಳಗೆ ಕೊಡತಕ್ಕದ್ದೆಂದೂ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ವೈದ್ಯರಿಗೆ ವಿಧಿಸಿತು. ಒಪ್ಪಂದ ಮುಗಿದ ಕಂಪೆನಿಯು ಬೀಗ ಹಾಕಿಕೊಂಡು ಹೋದರೆ ಆ ಕರ್ತವ್ಯವನ್ನು ನೆರವೇರಿಸುವುದೆಂತು? ಎಲ್ಲ ದಾಖಲೆಗಳನ್ನೂ ಬೇರೆ ತಂತ್ರಾಂಶ ಓದಬಲ್ಲ ರೂಪದಲ್ಲಿ, ಪ್ರತ್ಯೇಕ ಶುಲ್ಕವಿಲ್ಲದೆ ಮರಳಿಸಬೇಕೆಂಬ ಒಂದು ವಾಕ್ಯ ಮುಖಪತ್ರದಲ್ಲಿ ಇರಲೇಬೇಕು. ಡೆಮೊ ದಿನವೇ ಹತ್ತು ಮಾದರಿ ರೋಗಿಗಳ ದಾಖಲೆಯನ್ನು ಹಾಗೆ ಹೊರತೆಗೆದು ತೋರಿಸಲು ಹೇಳಬೇಕು.

ಆ ಎರಡನೆಯ ಪತ್ರದ ಕರಡನ್ನು ಬರೆಯಲು ಕುಳಿತ ದಿನದ ಒಂದು ಪ್ರಸಂಗವನ್ನು ಹೇಳಿ ಮುಗಿಸುತ್ತೇನೆ. ಹಾವು ಕಚ್ಚಿದ ತರುಣನ ರಾತ್ರಿಯನ್ನು ಕ್ರಮವಾಗಿ ಬರೆಯುತ್ತ, ತುರ್ತು ವಿಭಾಗದ ಫ್ರಿಜ್ಜಿನಿಂದ ತೆಗೆದ ಹತ್ತು ವಯಲ್‌ಗಳಿಗೆ ಬಂದಾಗ ಲೇಖನಿ ನಿಂತಿತು. ಅವು ಖರ್ಚಾದರೆ ತುಂಬಿಡುವುದು ಫಾರ್ಮಸಿಯ ಕೆಲಸವೆಂದು ಹಿರಿಯ ದಾದಿಯೂ, ವಾರ್ಡಿನವರು ಇಂಡೆಂಟ್ ಕಳುಹಿಸಿದ ಮೇಲೆ ಮಾತ್ರ ತಮ್ಮ ಕೆಲಸವೆಂದು ಫಾರ್ಮಸಿಸ್ಟರೂ ಹೇಳಿದರು; ಇಬ್ಬರೂ ಹತ್ತು ವರ್ಷಗಳಿಂದ ಅದೇ ಕಟ್ಟಡದಲ್ಲಿ ದುಡಿದವರು. ಯಾವ ಸಾಲಿನಲ್ಲಿ ‘ಇದೆ’ ಎಂದು ಬರೆದರೂ ಈ ಭೇದವನ್ನು ಯಾವ ತಂತ್ರಾಂಶವೂ ತೀರಿಸುತ್ತಿರಲಿಲ್ಲ. ಅಂದು ಸಂಜೆಯೇ ಫ್ರಿಜ್ಜಿನ ಬಾಗಿಲಿಗೆ ದಾರದಿಂದ ಒಂದು ಪುಸ್ತಕವನ್ನು ಕಟ್ಟಲಾಯಿತು: ತೆಗೆದವರ ಸಹಿ, ಬ್ಯಾಚ್, ವೇಳೆ, ಬೆಳಗ್ಗೆ ಎಂಟಕ್ಕೆ ಫಾರ್ಮಸಿಸ್ಟರು ನೋಡಿ ತುಂಬಿದ ಸಹಿ. ಆಯ್ಕೆಯಾದ ಕಂಪೆನಿಯು ಬಂದುದು ಏಳು ತಿಂಗಳ ಮೇಲೆ. ಅದು ತನ್ನ ಪರದೆಯಲ್ಲಿ ರಚಿಸಿಕೊಟ್ಟುದು ಆ ಪುಸ್ತಕದ ಕಲಮುಗಳನ್ನೇ.